ನಿಮ್ಮ ಅಂಗಡಿ ಹೆಸರಲ್ಲಿ ಬೇರೆಯವರು ಅಡ್ವಾನ್ಸ್ ಕೇಳುತ್ತಿದ್ದರೆ ಗಿರಾಕಿಗಳನ್ನು ಎಚ್ಚರಿಸುವುದು ಹೇಗೆ

ಶ್ರಾವಣ ಹುಟ್ಟಿತೆಂದರೆ ಮೈಸೂರಿನ ಗೊಂಬೆ ವ್ಯಾಪಾರದವರಿಗೆ ಫೋನು ಕೆಳಗಿಡಲು ಪುರಸೊತ್ತಿರುವುದಿಲ್ಲ. ನವರಾತ್ರಿಗೆ ಗೊಂಬೆ ಕೂರಿಸುವವರು ಈಗ ಬೆಂಗಳೂರು, ಹಾಸನ, ಶಿವಮೊಗ್ಗದಿಂದಲೂ ಇನ್‌ಸ್ಟಾಗ್ರಾಂ ಫೋಟೋ ನೋಡಿಯೇ ಪಟ್ಟದ ಗೊಂಬೆ, ದಶಾವತಾರ ಸೆಟ್ಟು, ಜಂಬೂಸವಾರಿ ಸೆಟ್ಟು ಬುಕ್ ಮಾಡುತ್ತಾರೆ. ಸೆಟ್ಟುಗಳು ಬೇಗ ಖಾಲಿಯಾಗುವುದರಿಂದ ಅರ್ಧ ದುಡ್ಡು ಮೊದಲೇ ಹಾಕುವುದು ವಾಡಿಕೆ. ಅಂಗಡಿ ನೋಡಿಲ್ಲ, ಸರಕು ಮುಟ್ಟಿಲ್ಲ, ಆದರೂ ದುಡ್ಡು ಮುಂಚೆ ಹೋಗುತ್ತದೆ. ನಕಲಿ ಖಾತೆ ತೆರೆಯುವವನಿಗೆ ಇದಕ್ಕಿಂತ ಹದವಾದ ಜಾಗ ಬೇರೆ ಬೇಕಿಲ್ಲ. ಸೀರೆ, ಮನೆ ಕೇಕು, ಮಂಡ್ಯದ ಆಲೆಮನೆ ಬೆಲ್ಲ, ಹೀಗೆ ಅಡ್ವಾನ್ಸ್ ಮೇಲೆ ನಡೆಯುವ ಯಾವ ಸಣ್ಣ ವ್ಯಾಪಾರದಲ್ಲೂ ಕಥೆ ಇದೇ. ಆದರೂ ಗೊಂಬೆ ಅಂಗಡಿಯೊಂದರಲ್ಲಿ ನಡೆದದ್ದನ್ನೇ ಹಿಡಿದು ಹೇಳುತ್ತೇನೆ. ಇಂಥ ಅಂಗಡಿಗಳ ಆನ್‌ಲೈನ್ ಪೇಜು ನೋಡಿಕೊಳ್ಳುವುದು ನನ್ನ ಕೆಲಸ, ಹಾಗಾಗಿ ಇದನ್ನು ಹತ್ತಿರದಿಂದ ಕಂಡಿದ್ದೇನೆ.

ಅಗ್ರಹಾರದ ಕಡೆ, ಮನೆಯ ಮುಂದಿನ ಕೋಣೆಯಲ್ಲೇ ಗೊಂಬೆ ಮಾರುವ ಅಕ್ಕ ಒಬ್ಬರು. ಅವರ ಖಾತೆಯ ಹೆಸರು `gombegudu_mysuru` ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ. ಕಳ್ಳ ತೆರೆದದ್ದು `gombegudu_mysuru_` ಎಂಬ ಖಾತೆ. ವ್ಯತ್ಯಾಸ ಕೊನೆಯ ಒಂದು ಅಡಿಗೆರೆ ಮಾತ್ರ. ಲೋಗೋ ಅದೇ, ಪರಿಚಯದ ಸಾಲು ಅದೇ, ಫೋಟೋಗಳೂ ಅವೇ. ಅಕ್ಕನ ಪೋಸ್ಟುಗಳ ಕೆಳಗೆ ‘ಬೆಲೆ ಎಷ್ಟು?’ ಎಂದು ಕೇಳಿದ್ದವರನ್ನೆಲ್ಲ ಹುಡುಕಿ ಅವನು ಒಬ್ಬೊಬ್ಬರ ಇನ್‌ಬಾಕ್ಸಿಗೂ ಹೋದ. ‘ನಮಸ್ತೆ ಮೇಡಂ, ಜಂಬೂಸವಾರಿ ಸೆಟ್ ಕೇಳಿದ್ರಲ್ಲ, ಎರಡೇ ಉಳಿದಿದೆ, ಹಬ್ಬದ ಆಫರ್ 4,200, ಈಗ 2,000 ಹಾಕಿದ್ರೆ ನಿಮ್ಮ ಹೆಸರಲ್ಲಿ ತೆಗೆದಿಡ್ತೀವಿ.’ ಅಕ್ಕನ ಅಂಗಡಿಯಲ್ಲಿ ಆ ಸೆಟ್ಟಿನ ಬೆಲೆ 6,500. ಕೇಳಿದ್ದ ಗೊಂಬೆಯ ಹೆಸರನ್ನೇ ಹೇಳಿ ಬಂದ ಸಂದೇಶವಾದ್ದರಿಂದ ಗಿರಾಕಿಗೆ ಅನುಮಾನ ಬರುವುದು ಕಷ್ಟ. 2,000 ಹಾಕಿದವರಿಗೆ ಮಾರನೇ ದಿನ ಇನ್ನೊಂದು ಸಂದೇಶ ಬಂತು: ಗೊಂಬೆ ಒಡೆಯದ ಹಾಗೆ ಕಳಿಸಲು ಪ್ಯಾಕಿಂಗ್ ಇನ್ಶೂರೆನ್ಸ್ 850, ಪಾರ್ಸೆಲ್ ತಲುಪಿದ ಮೇಲೆ ವಾಪಸ್ ಕೊಡ್ತೀವಿ.

ಅಕ್ಕನಿಗೆ ಇದು ಗೊತ್ತಾದದ್ದು ಹಾಸನದ ಗಿರಾಕಿಯೊಬ್ಬರು ‘ಅಡ್ವಾನ್ಸ್ ಹಾಕಿದೀನಲ್ಲ ಮೇಡಂ, ಇನ್ನೂ ಕಳಿಸಿಲ್ವಾ?’ ಎಂದು ಫೋನ್ ಮಾಡಿದಾಗ. ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಾಗುವುದು ಹೀಗೆಯೇ, ಬೇರೆಯವರ ಬಾಯಿಂದ. ಏಕೆಂದರೆ ನಕಲಿ ಖಾತೆ ತೆರೆದವನು ಮೊದಲು ಮಾಡುವ ಕೆಲಸ ಅಸಲಿ ಖಾತೆಯನ್ನು ಬ್ಲಾಕ್ ಮಾಡುವುದು. ನಿಮ್ಮ ಫೋನಿನಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ. ‘ನಾನು ನೋಡಿದೆ, ಅಂಥ ಖಾತೆ ಇಲ್ಲವಲ್ಲ’ ಎಂದು ಗಿರಾಕಿಗೆ ಹೇಳುವ ಮೊದಲು ಮನೆಯವರ ಫೋನಿನಿಂದಲೋ ಸ್ನೇಹಿತರ ಖಾತೆಯಿಂದಲೋ ನೋಡಿ.

ದುಡ್ಡು ಹೋಗಿದ್ದರೆ ಮೊದಲು 1930

ಎಚ್ಚರಿಕೆಯ ಪೋಸ್ಟು ಹಾಕುವುದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾರಾದರೂ ಆಗಲೇ ದುಡ್ಡು ಹಾಕಿದ್ದಾರಾ? ಹಾಕಿದ್ದರೆ ಆ ಗಿರಾಕಿ ತಾವೇ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕಳ್ಳ ಕೊಡುವ ಯುಪಿಐ ಐಡಿ ಅವನ ಸ್ವಂತದ್ದಾಗಿರುವುದು ಅಪರೂಪ. ಕಮಿಷನ್ನಿಗೆ ಬಾಡಿಗೆ ಪಡೆದ ಯಾರದೋ ಖಾತೆಗೆ ಬಂದ ದುಡ್ಡು ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರುತ್ತಾ ಕೊನೆಗೆ ಎಟಿಎಂನಿಂದ ಹೊರಬೀಳುತ್ತದೆ. ಹೊರಬೀಳುವ ಮುಂಚೆ ದೂರು ತಲುಪಿದರೆ ಬ್ಯಾಂಕು ಅಷ್ಟು ಮೊತ್ತವನ್ನು ಆ ಖಾತೆಯಲ್ಲೇ ತಡೆಹಿಡಿಯಬಹುದು. ಬೆಳಿಗ್ಗೆ ಸ್ಟೇಷನ್ನಿಗೆ ಹೋಗೋಣ ಎಂದು ರಾತ್ರಿ ಕಳೆದರೆ ಸಾಮಾನ್ಯವಾಗಿ ಅಲ್ಲಿ ತಡೆಯಲು ಏನೂ ಉಳಿದಿರುವುದಿಲ್ಲ.

ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದದ್ದು ಹಣ ಕಳಿಸಿದ ದಿನ, ಸಮಯ, ಮೊತ್ತ, ತಮ್ಮ ಬ್ಯಾಂಕಿನ ಹೆಸರು, ಕಳ್ಳನ ಯುಪಿಐ ಐಡಿ, ಮತ್ತು ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ. ಇದು ಫೋನ್‌ಪೇ, ಗೂಗಲ್ ಪೇಗಳಲ್ಲಿ ಆ ವಹಿವಾಟಿನ ವಿವರ ತೆರೆದರೆ ಸಿಗುತ್ತದೆ. ವಯಸ್ಸಾದ ಗಿರಾಕಿಗಳಾದರೆ ಇದನ್ನು ಹುಡುಕಲು ನೀವೇ ಫೋನಿನಲ್ಲಿ ಜೊತೆಗಿದ್ದು ಹೇಳಿಕೊಡಿ. ದೂರಿನ ಸಂಖ್ಯೆ ಬಂದ ಮೇಲೆ `cybercrime.gov.in` ನಲ್ಲಿ ಉಳಿದ ವಿವರ, ಸ್ಕ್ರೀನ್‌ಶಾಟು ಸೇರಿಸಬೇಕು. ತಮ್ಮ ಬ್ಯಾಂಕಿಗೂ ಬೇರೆಯಾಗಿ ತಿಳಿಸಬೇಕು. ತಡೆಹಿಡಿದ ಹಣವಾದರೂ ಗಿರಾಕಿಯ ಕೈಗೆ ಬರಲು ಸಮಯ ಹಿಡಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲೊಂದು ನಾಜೂಕಿನ ವಿಷಯ. ದುಡ್ಡು ಕಳೆದುಕೊಂಡವರು ಮೊದಲು ಸಿಟ್ಟಾಗುವುದು ನಿಮ್ಮ ಮೇಲೆ. ‘ನಿಮ್ಮ ಹೆಸರು ನೋಡಿಯೇ ಹಾಕಿದ್ದು, ನೀವೇ ಕೊಡಿ’ ಎನ್ನುತ್ತಾರೆ. ‘ನೀವು ಸರಿಯಾಗಿ ನೋಡಬೇಕಿತ್ತು’ ಎಂದು ಮಾತ್ರ ಅನ್ನಬೇಡಿ, ಮರುದಿನವೇ ಅದು ಗೂಗಲ್ ರಿವ್ಯೂ ಆಗಿ ಬರುತ್ತದೆ. ‘ನಾನೇ ತುಂಬಿಕೊಡ್ತೀನಿ’ ಎಂದು ಆತುರದಲ್ಲಿ ಮಾತು ಕೊಡುವುದೂ ಬೇಡ, ಆ ಖಾತೆಗೂ ನಿಮಗೂ ಸಂಬಂಧವಿದೆ ಎಂಬ ಅರ್ಥ ಬರುತ್ತದೆ. ಅಕ್ಕ ಹೇಳಿದ ಮಾತು ನನಗೆ ಸರಿ ಅನಿಸಿತು: ‘ದುಡ್ಡು ನನ್ನ ಹತ್ರ ಬಂದಿಲ್ಲಮ್ಮ, ಆದ್ರೆ ನನ್ನ ಹೆಸರಲ್ಲೇ ಹೋಗಿದೆ. ಮೊದ್ಲು 1930ಕ್ಕೆ ಮಾಡೋಣ, ನಾನು ಲೈನಲ್ಲೇ ಇರ್ತೀನಿ. ಆ ಮೆಸೇಜುಗಳನ್ನ ಅಳಿಸ್ಬೇಡಿ.’

ಕಳ್ಳನ ಜೊತೆ ಜಗಳಕ್ಕೆ ಹೋಗಬೇಡಿ, ಸಾಕ್ಷಿ ತೆಗೆದಿಡಿ

ಕೋಪ ಬಂದು ಆ ಖಾತೆಗೆ ಬೈದು ಮೆಸೇಜು ಹಾಕಿದರೆ ಅವನಿಗೆ ವಿಷಯ ಬಯಲಾಯಿತೆಂದು ತಿಳಿಯುತ್ತದೆ. ಹೆಸರು ಬದಲಿಸುತ್ತಾನೆ, ಚಾಟುಗಳನ್ನು ಅಳಿಸುತ್ತಾನೆ. ಅದಕ್ಕೇ ಸದ್ದಿಲ್ಲದೆ ಇನ್ನೊಂದು ಫೋನಿನಿಂದ ಸಾಕ್ಷಿ ತೆಗೆಯಬೇಕು. ಖಾತೆಯ ಮುಖಪುಟದ ಸ್ಕ್ರೀನ್‌ಶಾಟು ತೆಗೆಯುವಾಗ ಹೆಸರಿನ ಅಕ್ಷರಗಳು ಪೂರ್ತಿ ಕಾಣಬೇಕು. ಪ್ರೊಫೈಲ್ ಲಿಂಕನ್ನು ಕಾಪಿ ಮಾಡಿ ಎಲ್ಲಾದರೂ ಅಂಟಿಸಿಡಿ, ಚಿತ್ರದಲ್ಲಿ ಅಡಿಗೆರೆ ಕಣ್ತಪ್ಪಬಹುದು, ಅಂಟಿಸಿದ ಅಕ್ಷರ ತಪ್ಪುವುದಿಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ `About this account` ತೆರೆದರೆ ಖಾತೆ ಯಾವ ತಿಂಗಳು ಶುರುವಾಯಿತು ಎಂದು ಸಾಮಾನ್ಯವಾಗಿ ಕಾಣುತ್ತದೆ. ನಿಮ್ಮದು ವರ್ಷಗಳ ಹಳೆಯದು, ಅದು ಮೊನ್ನೆಯದು ಎಂದರೆ ಬೇರೆ ವಾದವೇ ಬೇಡ. ಗಿರಾಕಿಗಳಿಂದ ಚಾಟಿನ ಸ್ಕ್ರೀನ್‌ಶಾಟು, ಅವನು ಕಳಿಸಿದ ಕ್ಯೂಆರ್ ಮತ್ತು ಫೋನ್ ನಂಬರು ತರಿಸಿಕೊಳ್ಳಿ.

ಎಚ್ಚರಿಕೆಯಲ್ಲಿ ಏನು ಬರೆಯಬೇಕು

ಬಹಳಷ್ಟು ಅಂಗಡಿಯವರು ಎಡವುವುದು ಇಲ್ಲಿ. ಕೆಂಪು ಅಕ್ಷರದಲ್ಲಿ ‘ನಕಲಿ ಖಾತೆ ಇದೆ, ಎಚ್ಚರ!’ ಎಂದು ಹಾಕಿ, ಆ ಖಾತೆಯನ್ನು ಟ್ಯಾಗ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಟ್ಯಾಗ್ ಮಾಡಿದರೆ ಕುತೂಹಲಕ್ಕೆ ಒತ್ತಿದವರು ನೇರ ಅವನ ಪುಟಕ್ಕೇ ಹೋಗುತ್ತಾರೆ. ಇನ್ನು ನಕಲಿ ಹೆಸರನ್ನೇ ಮುಖ್ಯವಾಗಿ ತೋರಿಸಿದರೆ, ಅವನು ಸಂಜೆಗೆ ಅಡಿಗೆರೆ ತೆಗೆದು ಚುಕ್ಕಿ ಹಾಕಿಕೊಳ್ಳುತ್ತಾನೆ. ನಿಮ್ಮ ಎಚ್ಚರಿಕೆ ಅಲ್ಲಿಗೇ ಹಳತಾಯಿತು, ಹೊಸ ಹೆಸರು ನೋಡಿದವರು ‘ಇದು ಆ ನಕಲಿ ಅಲ್ಲ’ ಎಂದುಕೊಳ್ಳುತ್ತಾರೆ. ನಕಲಿ ಹೆಸರನ್ನು ಚಿತ್ರದೊಳಗೆ ಬರೆದು ತೋರಿಸಿ, ಆದರೆ ಒತ್ತು ಇರಬೇಕಾದದ್ದು ನಿಮ್ಮ ಹೆಸರಿನ ಮೇಲೆ.

ಅದಕ್ಕಿಂತ ಮುಖ್ಯವಾದದ್ದು, ಕಳ್ಳ ಸುಲಭವಾಗಿ ನಕಲು ಮಾಡಲಾಗದ ಒಂದು ಗುರುತನ್ನು ಗಿರಾಕಿಯ ಕೈಗೆ ಕೊಡುವುದು. ಲೋಗೋ, ಫೋಟೋ, ಮಾತಿನ ಧಾಟಿ ಎಲ್ಲವನ್ನೂ ಅವನು ಕದಿಯಬಹುದು. ಕದಿಯಲು ಕಷ್ಟವಾದದ್ದು ನಿಮ್ಮ ಬ್ಯಾಂಕ್ ಖಾತೆಯ ಹೆಸರು. ಯುಪಿಐನಲ್ಲಿ ದುಡ್ಡು ಕಳಿಸುವಾಗ ಪಿನ್ ಒತ್ತುವ ಮುಂಚೆ ಪಡೆಯುವವರ ಹೆಸರು ತೆರೆಯ ಮೇಲೆ ಬರುತ್ತದೆ. ಕ್ಯೂಆರ್‌ನಲ್ಲಿ ಬರೆದುಕೊಂಡ ಹೆಸರನ್ನೋ ಅಡ್ಡಹೆಸರನ್ನೋ ಅಲ್ಲಿ ತೋರಿಸಬಾರದು, ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರಲ್ಲಿ ಆ್ಯಪ್‌ಗಳಿಗೆ ಸೂಚಿಸಿದೆ. ಹಾಸನದ ಗಿರಾಕಿ ದುಡ್ಡು ಹಾಕುವಾಗ ಬಂದದ್ದೂ ಯಾರೋ ಗಂಡಸಿನ ಹೆಸರು. ಅವರು ಅದನ್ನು ಕೇಳಿಯೂ ಇದ್ದರು. ‘ಅದು ನಮ್ಮ ಅಕೌಂಟೆಂಟ್ ಮೇಡಂ’ ಎಂಬ ಉತ್ತರ ಬಂದಿತ್ತು. ಆದ್ದರಿಂದ ಈ ನೆಪವನ್ನೂ ಎಚ್ಚರಿಕೆಯಲ್ಲೇ ಮೊದಲೇ ಮುಚ್ಚಬೇಕು.

ಅಕ್ಕನಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು. ಬೇಕಾದವರು ಬಳಸಿಕೊಳ್ಳಿ.

> ನಮ್ಮ ಹೆಸರು, ನಮ್ಮ ಫೋಟೋ ಬಳಸಿ ಬೇರೆ ಯಾರೋ ಗೊಂಬೆಗೆ ಅಡ್ವಾನ್ಸ್ ಕೇಳುತ್ತಿದ್ದಾರೆ. ಅದು ನಾವಲ್ಲ.
>
> ನಮ್ಮ ಖಾತೆ ಇದೊಂದೇ: gombegudu_mysuru. ಕೊನೆಯಲ್ಲಿ ಗೆರೆ, ಚುಕ್ಕಿ, ಅಂಕಿ ಏನೂ ಇಲ್ಲ.
>
> ದುಡ್ಡು ಹಾಕುವಾಗ, ಪಿನ್ ಒತ್ತುವ ಮುಂಚೆ, ತೆರೆಯ ಮೇಲೆ ‘........’ ಎಂಬ ಹೆಸರೇ ಬರಬೇಕು. ಬೇರೆ ಹೆಸರು ಬಂದರೆ ಹಾಕಬೇಡಿ. ತಮ್ಮ, ಕೆಲಸದವರು, ಅಕೌಂಟೆಂಟ್ ಎಂದು ಏನು ಹೇಳಿದರೂ ನಂಬಬೇಡಿ.
>
> ನಾವಾಗಿಯೇ ಯಾರ ಇನ್‌ಬಾಕ್ಸಿಗೂ ಬಂದು ದುಡ್ಡು ಕೇಳುವುದಿಲ್ಲ. ಅನುಮಾನ ಬಂದರೆ ಹಳೆಯ ಬಿಲ್ಲಿನಲ್ಲಿರುವ ನಮ್ಮ ನಂಬರಿಗೆ ಫೋನ್ ಮಾಡಿ ಕೇಳಿ.
>
> ಈಗಾಗಲೇ ದುಡ್ಡು ಹಾಕಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ.

ಚುಕ್ಕಿಗಳ ಜಾಗದಲ್ಲಿ ಬರುವುದು ನಿಮ್ಮ ಬ್ಯಾಂಕಿನಲ್ಲಿರುವ ಹೆಸರು, ಅಕ್ಷರಕ್ಕೆ ಅಕ್ಷರ. ಇದನ್ನು ಊಹೆಯ ಮೇಲೆ ಬರೆಯಬೇಡಿ. ಇನ್ನೊಬ್ಬರ ಫೋನಿನಿಂದ ನಿಮಗೇ ಒಂದು ರೂಪಾಯಿ ಹಾಕಿಸಿ, ತೆರೆಯ ಮೇಲೆ ಏನು ಬರುತ್ತದೋ ಅದನ್ನೇ ಬರೆಯಿರಿ. ಅಂಗಡಿ ಹೆಸರು ಬರುತ್ತದೆ ಎಂದುಕೊಂಡಿದ್ದ ಅಕ್ಕನಿಗೆ ಬಂದದ್ದು ಇನಿಷಿಯಲ್ ಸಮೇತ ಅವರ ಯಜಮಾನರ ಹೆಸರು. ಇಂಥಲ್ಲಿ ‘ಬೇರೆ ಹೆಸರು ಬಂದರೆ ಹಾಕಬೇಡಿ’ ಎಂದು ಕಣ್ಣುಮುಚ್ಚಿ ಬರೆದಿದ್ದರೆ ಅಸಲಿ ವ್ಯಾಪಾರವೇ ನಿಲ್ಲುತ್ತಿತ್ತು. ಎರಡು ಮೂರು ಯುಪಿಐ ಐಡಿ ಇಟ್ಟುಕೊಂಡವರು ಅಡ್ವಾನ್ಸಿಗೆ ಒಂದನ್ನೇ ಇಟ್ಟುಕೊಳ್ಳುವುದು ಲೇಸು. ಇವತ್ತು ಮಗನ ನಂಬರು, ನಾಳೆ ತಂಗಿಯ ನಂಬರು ಕೊಡುವ ಅಂಗಡಿಯ ಗಿರಾಕಿಗೆ ನಕಲಿಯನ್ನು ಗುರುತಿಸುವ ದಾರಿಯೇ ಇರುವುದಿಲ್ಲ.

ಈ ಗುರುತಿಗೂ ಮಿತಿಯಿದೆ. ಕಳ್ಳ ನಿಮ್ಮ ಅಂಗಡಿಯನ್ನೇ ಹೋಲುವ ಹೆಸರಲ್ಲಿ ವ್ಯಾಪಾರಿ ಖಾತೆ ತೆಗೆದಿದ್ದರೆ ಹೆಸರೊಂದೇ ಸಾಲದು, ಅದಕ್ಕೇ ಫೋನ್ ಮಾಡಿ ಕೇಳುವ ಸಾಲು ಬೇಕು.

ಹೊರಊರಿನ ಗಿರಾಕಿಗಳಿದ್ದರೆ ಇದನ್ನೇ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇನ್ನೊಂದು ಚಿತ್ರವಾಗಿ ಮಾಡಿ. ಒಂದೇ ಚಿತ್ರದಲ್ಲಿ ಮೂರು ಭಾಷೆ ತುರುಕಿದರೆ ಅಕ್ಷರ ಇರುವೆ ಸಾಲಾಗಿ ಯಾರೂ ಓದುವುದಿಲ್ಲ.

ಎಲ್ಲೆಲ್ಲಿ ಹಾಕಬೇಕು

ಇನ್‌ಸ್ಟಾಗ್ರಾಂನಲ್ಲಿ ಹಾಕಿ ಪೋಸ್ಟನ್ನು ಪುಟದ ಮೇಲೆ ಪಿನ್ ಮಾಡಿ. ಸ್ಟೋರಿಯಲ್ಲೂ ಹಾಕಿ. ಸ್ಟೋರಿ 24 ಗಂಟೆಗೆ ಹೋಗಿಬಿಡುವುದರಿಂದ ಅದನ್ನು ಹೈಲೈಟಿಗೆ ಸೇರಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಂದು ತೊಂದರೆ ಇದೆ. ಅಕ್ಕ ಪೋಸ್ಟು ಹಾಕಿದ ಮಾರನೇ ದಿನ ಕಳ್ಳನೂ ಅದೇ ಪೋಸ್ಟನ್ನು ತನ್ನ ಪುಟದಲ್ಲಿ ಹಾಕಿಕೊಂಡ, ‘ನಮ್ಮ ಖಾತೆ ಇದೊಂದೇ’ ಎಂಬ ಸಾಲಿನಲ್ಲಿ ತನ್ನ ಹೆಸರು, ಚುಕ್ಕಿಗಳ ಜಾಗದಲ್ಲಿ ಬಾಡಿಗೆ ಖಾತೆಯವನ ಹೆಸರು! ಎರಡೂ ಪುಟ ಪಕ್ಕಪಕ್ಕದಲ್ಲಿಟ್ಟರೆ ಹೊಸ ಗಿರಾಕಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಅವನ ಕೈಗೆಟುಕದ ಜಾಗಗಳು ಬೇಕಾಗುವುದು ಇದಕ್ಕೇ. ನಿಮ್ಮ ಹಳೆಯ ವಾಟ್ಸಾಪ್ ನಂಬರಿನಿಂದ ಹೋಗುವ ಸಂದೇಶ ಅಂಥದ್ದೊಂದು. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ ಎಂಬುದು ನೆನಪಿರಲಿ, ಉಳಿದವರಿಗೆ ಬೇರೆಯಾಗಿ ಕಳಿಸಬೇಕು. ವಾಟ್ಸಾಪ್ ಬ್ಯುಸಿನೆಸ್ ಇದ್ದರೆ ಹೊಸಬರಿಗೆ ತಾನಾಗಿ ಹೋಗುವ ಸ್ವಾಗತ ಸಂದೇಶದಲ್ಲಿ ಬ್ಯಾಂಕ್ ಹೆಸರಿನ ಸಾಲು ಸೇರಿಸಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಪುಟವಿದ್ದರೆ ಅಲ್ಲಿ ಅಸಲಿ ಇನ್‌ಸ್ಟಾಗ್ರಾಂ ಲಿಂಕು ಕೊಟ್ಟು ಎಚ್ಚರಿಕೆಯ ಚಿತ್ರ ಏರಿಸಿ. ಅಂಗಡಿ ಬಾಗಿಲಿಗೂ ಬಿಲ್ಲಿನ ಹಿಂದೆಯೂ ಒಂದೊಂದು ಚೀಟಿ.

ಇಷ್ಟಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಸ್ವಲ್ಪ ಬೇಸರದ ಕೆಲಸ. ಕಳ್ಳ ಗಿರಾಕಿಗಳನ್ನು ಹುಡುಕಿದ್ದು ಕಮೆಂಟುಗಳಿಂದ, ಹಾಗಾಗಿ ನಾವೂ ಅದೇ ದಾರಿ ಹಿಡಿದೆವು. ಇತ್ತೀಚಿನ ಪೋಸ್ಟುಗಳಲ್ಲಿ ‘ಬೆಲೆ?’, ‘ಇದೆಯಾ?’ ಎಂದು ಕೇಳಿದ್ದ ಪ್ರತಿಯೊಬ್ಬರಿಗೂ ಅಲ್ಲಿಯೇ, ಅದೇ ಕಮೆಂಟಿನ ಕೆಳಗೆ ಉತ್ತರ ಬರೆದೆವು: ‘ನಮ್ಮ ಹೆಸರಲ್ಲಿ ಯಾರಾದರೂ ಇನ್‌ಬಾಕ್ಸಿಗೆ ಬಂದು ಅಡ್ವಾನ್ಸ್ ಕೇಳಿದರೆ ಹಾಕಬೇಡಿ, ಪಿನ್ ಮಾಡಿದ ಪೋಸ್ಟು ನೋಡಿ.’ ಅಸಲಿ ಪೋಸ್ಟಿನ ಕೆಳಗೇ ಬಂದ ಉತ್ತರವಾದ್ದರಿಂದ ಇದನ್ನು ಅನುಮಾನಿಸುವ ಪ್ರಶ್ನೆಯಿಲ್ಲ. ದುಡ್ಡು ಹಾಕಲು ಹೊರಟಿದ್ದವರು ನಿಂತದ್ದು ಈ ಉತ್ತರ ನೋಡಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎನ್ನುವ ಅಭ್ಯಾಸವನ್ನೂ ಅಕ್ಕ ಅಂದೇ ಬಿಟ್ಟರು. ಬೆಲೆಯನ್ನು ಪೋಸ್ಟಿನಲ್ಲೇ ಬರೆದರೆ ‘ಆಫರ್ 4,200’ ಎಂದವನು ಸುಳ್ಳೆಂದು ಅಲ್ಲೇ ಗೊತ್ತಾಗುತ್ತದೆ.

ಖಾತೆ ತೆಗೆಸುವುದು

ನಕಲಿ ಪುಟ ಕಾಣುವ ಫೋನಿನಲ್ಲಿ ಮೂರು ಚುಕ್ಕಿ ಒತ್ತಿ `Report` ಆರಿಸಿ, ಬೇರೆಯವರಂತೆ ನಟಿಸುತ್ತಿದೆ ಎಂಬ ಅರ್ಥದ `pretending to be someone else` ಸಾಲನ್ನು ಹಿಡಿಯಿರಿ. ಯಾರಂತೆ ಎಂದು ಕೇಳಿದಾಗ ವ್ಯಾಪಾರ ಸಂಸ್ಥೆ ಎಂಬುದನ್ನು ಆರಿಸಿ ನಿಮ್ಮ ಅಸಲಿ ಖಾತೆಯನ್ನು ತೋರಿಸಿ. ‘ಸ್ಪ್ಯಾಮ್’ ಎಂದು ರಿಪೋರ್ಟ್ ಮಾಡಿದರೆ ವಿಷಯವೇ ಬೇರೆಯಾಗಿ ಹೋಗುತ್ತದೆ. ‘ಎಲ್ಲರೂ ರಿಪೋರ್ಟ್ ಮಾಡಿ’ ಎಂದು ಕೂಗುವುದರಿಂದ ಅಷ್ಟೇನೂ ಆಗುವುದಿಲ್ಲ, ಎಷ್ಟು ಜನ ದೂರಿದರು ಎಂಬುದರ ಮೇಲೆ ಖಾತೆ ತೆಗೆಯುವುದು ನಿರ್ಧಾರವಾಗುವುದಿಲ್ಲ. ತೂಕ ಇರುವುದು ಮಾಲೀಕರೇ ದಾಖಲೆ ಸಮೇತ ಕೊಡುವ ದೂರಿಗೆ. ಇನ್‌ಸ್ಟಾಗ್ರಾಂನ ಸಹಾಯ ಪುಟದಲ್ಲಿ ಇದಕ್ಕೆ ಬೇರೆ ಅರ್ಜಿಯೇ ಇದೆ. ಜಿಎಸ್‌ಟಿ ಪತ್ರ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಇಲ್ಲದವರು ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಬಹುದು. ಸರ್ಕಾರದ `udyamregistration.gov.in` ನಲ್ಲಿ ಆಧಾರ್, ಪ್ಯಾನ್ ಇದ್ದರೆ ಶುಲ್ಕವಿಲ್ಲದೆ ಆಗುತ್ತದೆ. ಅರ್ಜಿಯಲ್ಲಿನ ಅಂಗಡಿ ಹೆಸರೂ ಖಾತೆಯ ಹೆಸರೂ ಹೊಂದುವಂತಿರಲಿ, ಹೊಂದದಿದ್ದರೆ ದೂರು ವಾಪಸ್ ಬರುವುದುಂಟು.

ಪೊಲೀಸ್ ದೂರನ್ನು ದುಡ್ಡು ಕಳೆದುಕೊಂಡ ಗಿರಾಕಿ ಒಂದು ಕಡೆ ಕೊಟ್ಟರೆ, ಹೆಸರು ಕಳವಾದ ನೀವು ಇನ್ನೊಂದು ಕೊಡಬೇಕು. ಸೈಬರ್ ಪೋರ್ಟಲ್ಲಿನಲ್ಲಿ ನಕಲಿ ಪ್ರೊಫೈಲಿಗೆಂದೇ ಒಂದು ವಿಭಾಗವಿದೆ. ನೇರ ಹೋಗುವುದಾದರೆ ಮೈಸೂರಿನಲ್ಲೂ ಮಂಡ್ಯದಲ್ಲೂ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗಳಿವೆ. ಕಂಪ್ಯೂಟರ್, ಫೋನು ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಡಿ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನಿಮ್ಮ ದೂರಿನ ಪ್ರತಿ ಇಟ್ಟುಕೊಂಡರೆ, ನಾಳೆ ಇನ್ಯಾರೋ ಗಿರಾಕಿ ನಿಮ್ಮ ಮೇಲೆಯೇ ದೂರು ಕೊಟ್ಟಾಗ ತೋರಿಸಲು ಏನಾದರೂ ಇರುತ್ತದೆ.

ಎಚ್ಚರಿಕೆ ಹಾಕಿದ ಮೇಲೆ ನಿಮ್ಮ ಇನ್‌ಬಾಕ್ಸಿಗೂ ಕೆಲವರು ಬರುತ್ತಾರೆ. ‘ಆ ಖಾತೆಯನ್ನು ನಾಳೆಯೇ ಹಾರಿಸಿಕೊಡ್ತೀನಿ, 1,500 ಕೊಡಿ’ ಎನ್ನುವವರು, ‘ನಾವು ಇನ್‌ಸ್ಟಾಗ್ರಾಂ ಸಪೋರ್ಟ್, ಈ ಲಿಂಕಿನಲ್ಲಿ ಲಾಗಿನ್ ಆಗಿ ದೂರು ಖಚಿತಪಡಿಸಿ’ ಎನ್ನುವವರು. ಮೊದಲನೆಯವರಿಗೆ ಕೊಟ್ಟ ದುಡ್ಡು ಹೋಯಿತು, ಎರಡನೆಯವರಿಗೆ ಪಾಸ್‌ವರ್ಡ್ ಕೊಟ್ಟರೆ ಅಸಲಿ ಖಾತೆಯೇ ಹೋಯಿತು.

ನಕಲಿ ಖಾತೆ ತೆಗೆದುಹಾಕಿದ ಮೇಲೂ ಪಿನ್ ಮಾಡಿದ ಪೋಸ್ಟನ್ನು ವಿಜಯದಶಮಿಯವರೆಗೆ ತೆಗೆಯಬೇಡಿ. ಆ ಖಾತೆ ಹೋಯಿತೆಂಬ ಒಂದು ಸಾಲನ್ನು ಅದರ ಕೆಳಗೆ ಸೇರಿಸಿದರೆ ಸಾಕು. ವಾರಕ್ಕೊಮ್ಮೆ ಮನೆಯವರ ಫೋನಿನಿಂದ ನಿಮ್ಮ ಅಂಗಡಿ ಹೆಸರನ್ನು ಚುಕ್ಕಿ, ಅಡಿಗೆರೆ, ಅಂಕಿ, ಜೋಡಿ ಅಕ್ಷರ ಸೇರಿಸಿ ಹುಡುಕಿ ನೋಡುತ್ತಿರಿ. ಅಕ್ಕನ ಹೆಸರಲ್ಲಿ ಎರಡನೆಯ ಖಾತೆ ಹುಟ್ಟಿದ್ದು ಸಿಕ್ಕಿದ್ದು ಹೀಗೆ, `u` ಒಂದು ಹೆಚ್ಚಾಗಿತ್ತು. ಆಗಿನ್ನೂ ಅದು ಯಾರಿಗೂ ಸಂದೇಶ ಕಳಿಸಿರಲಿಲ್ಲ.